ಎರಡು ಬದಿ ಖಾಲಿ ಬಿಟ್ಟ ಹಾಳೆ

ಎಂಟನೇ ತರಗತಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿಗೊಂದು ಮನವಿಪತ್ರ ಬರೆಯಲು ಹೇಳಿ ನೋಡಿ. “ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ಬಹಳ ಇದೆ. ಇದರಿಂದ ಜನರಿಗೆ ತುಂಬಾ ತೊಂದರೆಯಾಗುತ್ತಿದೆ. ಆದ್ದರಿಂದ ತಾವು ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಪ್ರಾರ್ಥನೆ.” ಈ ಮೂರು ಸಾಲು ಅರ್ಧ ತರಗತಿಯ ನೋಟ್‌ಬುಕ್ಕಿನಲ್ಲಾದರೂ ಸಿಗುತ್ತದೆ. ಮೇಷ್ಟ್ರು ಕೆಂಪು ಇಂಕಿನಲ್ಲಿ ಒಂದೆರಡು ಕಾಗುಣಿತ ತಿದ್ದಿ, ಕೆಳಗೆ ಐದಕ್ಕೆ ಮೂರು ಎಂದು ಬರೆದು ಸಹಿ ಹಾಕುತ್ತಾರೆ. ಮಗು ತನ್ನ ಮೂರನ್ನು ನೋಡುತ್ತದೆ, ಪಕ್ಕದವರ ಅಂಕವನ್ನು ಇಣುಕುತ್ತದೆ, ಪುಸ್ತಕ ಮುಚ್ಚುತ್ತದೆ. ಆ ಎರಡು ಅಂಕ ಎಲ್ಲಿ ಹೋಯಿತೆಂದು ಮಗು ಕೇಳುವುದಿಲ್ಲ. ಕೇಳಿದರೆ ಮೇಷ್ಟ್ರಿಗೂ ತಕ್ಷಣ ಹೇಳಲು ಬರಲಿಕ್ಕಿಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದೇ ರೂಬ್ರಿಕ್. ತರಬೇತಿಗೆ ಹೋಗಿಬಂದ ಶಿಕ್ಷಕರಿಗೆಲ್ಲ ಅದರ ಪರಿಚಯವಿದೆ: ಎಡಕ್ಕೆ ಅಂಶಗಳು, ಮೇಲ್ಗಡೆ ಅತ್ಯುತ್ತಮ, ಉತ್ತಮ, ಸಾಧಾರಣ, ಸುಧಾರಿಸಬೇಕು ಎಂಬ ಮಟ್ಟಗಳು, ಪ್ರತಿ ಚೌಕದಲ್ಲೂ ಒಂದು ವಾಕ್ಯ. ನಾಲ್ಕು ಅಂಶ, ನಾಲ್ಕು ಮಟ್ಟ ಎಂದರೆ ಹದಿನಾರು ಚೌಕ ತುಂಬಬೇಕು. ತುಂಬುವಾಗ ಕೈ ಸೋಲುತ್ತದೆ. ಕೊನೆಗೆ ಚೌಕದಿಂದ ಚೌಕಕ್ಕೆ ‘ಸ್ಪಷ್ಟವಾಗಿ’, ‘ಸ್ವಲ್ಪ ಸ್ಪಷ್ಟವಾಗಿ’, ‘ಅಸ್ಪಷ್ಟವಾಗಿ’ ಎಂದಷ್ಟೇ ಬದಲಾಗುತ್ತದೆ. ಮಗು ಆ ಕೋಷ್ಟಕವನ್ನು ಓದುವುದಿಲ್ಲ. ತನ್ನದು ಯಾವ ಚೌಕ, ಅದಕ್ಕೆ ಎಷ್ಟು ಅಂಕ ಎಂದು ನೋಡಿ ಬಿಡುತ್ತದೆ.

ಸಿಂಗಲ್ ಪಾಯಿಂಟ್ ರೂಬ್ರಿಕ್ ಈ ಚೌಕಗಳಲ್ಲಿ ಹೆಚ್ಚಿನವನ್ನು ಕಿತ್ತು ಹಾಕುತ್ತದೆ. ಹಾಳೆಯಲ್ಲಿ ಮೂರೇ ಕಂಬ. ನಡುವಿನದರಲ್ಲಿ, ಕೆಲಸ ಚೆನ್ನಾಗಿ ಆಗಿದೆ ಎನ್ನಲು ಏನೇನಿರಬೇಕು ಎಂಬುದು ಮೊದಲೇ ಅಚ್ಚಾಗಿರುತ್ತದೆ. ಎಡ, ಬಲ ಎರಡೂ ಖಾಲಿ. ಆ ಮಟ್ಟ ಮುಟ್ಟದ ಕಡೆ ಏನು ಮಾಡಬೇಕೆಂದು ಎಡಕ್ಕೆ ಬರೆಯುತ್ತಾರೆ, ಮಟ್ಟ ಮೀರಿದ್ದು ಏನಾದರೂ ಕಂಡರೆ ಬಲಕ್ಕೆ. ಅಂಕಕ್ಕೆ ಜಾಗವೇ ಇಲ್ಲ. ಜರೀನ್ ಫ್ಲಕಿಗರ್ ಎಂಬ ಅಮೆರಿಕದ ಶಿಕ್ಷಣತಜ್ಞೆ 2010ರಲ್ಲಿ ಇದನ್ನು ಮಕ್ಕಳು ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳುವ ಸಾಧನವೆಂದು ವಿವರಿಸಿದರು. ಮುಂದೆ ಜೆನಿಫರ್ ಗೊನ್ಸಾಲೆಸ್ ಅವರ ಬರಹಗಳಿಂದ ಅದು ಅಲ್ಲಿನ ಶಾಲೆಗಳಲ್ಲಿ ಬಳಕೆಗೆ ಬಂತು.

ಮನವಿಪತ್ರಕ್ಕೇ ಇದನ್ನು ಹೊಂದಿಸೋಣ. ನಡುವಿನ ಕಂಬದಲ್ಲಿ ನಾಲ್ಕು ಸಾಲು ಸಾಕು. ಒಂದು, ಪತ್ರ ಯಾರಿಗೆ, ಯಾವ ವಿಷಯಕ್ಕೆ ಎಂಬುದು ವಿಷಯದ ಸಾಲಿನಲ್ಲೇ ತಿಳಿಯುತ್ತದೆ. ಎರಡು, ತೊಂದರೆ ಎಲ್ಲಿ, ಯಾವಾಗಿನಿಂದ, ಯಾರಿಗೆ ಎಂಬುದಿದೆ. ಮೂರು, ಓದುವ ಅಧಿಕಾರಿ ಮಾಡಬಹುದಾದ ಒಂದು ಕೆಲಸವನ್ನು ಪತ್ರ ಕೇಳುತ್ತದೆ. ನಾಲ್ಕು, ಮರ್ಯಾದೆಯ ಮಾತು, ದಿನಾಂಕ, ವಿಳಾಸ, ಸಹಿ ಇವೆ. ಈ ಹಾಳೆಯನ್ನು ಬರೆಯುವ ಮುಂಚೆಯೇ ಮಕ್ಕಳ ಕೈಗೆ ಕೊಡಬೇಕು. ಬರೆದಾದ ಮೇಲೆ ಕೊಟ್ಟರೆ ಅದು ತೀರ್ಪಿನ ಹಾಳೆಯಾಗುತ್ತದೆ.

ಮೇಲಿನ ಮೂರು ಸಾಲು ಬರೆದ ಹುಡುಗಿಯ ಹಾಳೆಯಲ್ಲಿ ಟೀಚರ್ ಏನು ಬರೆಯಬಹುದು? ಮೊದಲನೆಯ ಮತ್ತು ನಾಲ್ಕನೆಯ ಸಾಲಿಗೆ ಬರೀ ಗುರುತು; ಅವು ಸರಿ ಇವೆ. ಎರಡನೆಯದರ ಎಡಕ್ಕೆ: “ಇದನ್ನು ಓದಿದ ಪಿಡಿಒಗೆ ಯಾವ ಬೀದಿಗೆ ಹೋಗಬೇಕೆಂದು ಗೊತ್ತಾಗುತ್ತದಾ?” ಮೂರನೆಯದರ ಎಡಕ್ಕೆ: “ಸೂಕ್ತ ಕ್ರಮ ಅಂದರೆ ನಿನ್ನ ಪ್ರಕಾರ ಏನು? ಅದನ್ನೇ ಕೇಳು.” ಇಷ್ಟೇ. ಹುಡುಗಿ ಮರುದಿನ ತಂದ ಕರಡು ಹೀಗಿರಬಹುದು: “ಮಾರಮ್ಮನ ಗುಡಿ ಹಿಂದಿನ ಬೀದಿಯ ಮಿನಿ ಟ್ಯಾಂಕಿಗೆ ಹತ್ತು ದಿನದಿಂದ ನೀರು ಬಂದಿಲ್ಲ. ಮೋಟಾರು ಸುಟ್ಟಿದೆ ಎಂದು ನೀರುಗಂಟಿಯವರು ಹೇಳುತ್ತಾರೆ. ಹೆಂಗಸರು ಶಾಲೆಯ ಬೋರ್‌ವೆಲ್ಲಿನಿಂದ ಹೊರುತ್ತಿದ್ದಾರೆ. ಮೋಟಾರು ರಿಪೇರಿ ಆಗುವವರೆಗೆ ದಿನಕ್ಕೊಂದು ಟ್ಯಾಂಕರ್ ಕಳಿಸಬೇಕೆಂದು ಕೋರುತ್ತೇವೆ.” ಈಗ ಮೂರನೆಯ ಸಾಲಿನ ಬಲಕ್ಕೆ ಬರೆಯಲು ಟೀಚರಿಗೂ ಒಂದು ವಿಷಯ ಸಿಕ್ಕಿತು: ರಿಪೇರಿಗೆ ತಡವಾಗಬಹುದೆಂದು ಊಹಿಸಿ ಅಲ್ಲಿಯವರೆಗಿನ ದಾರಿಯನ್ನೂ ಹುಡುಗಿ ಸೂಚಿಸಿದ್ದಾಳೆ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಮೂಲೆಯಲ್ಲೊಂದು ಅಂಕವನ್ನೂ ಹಾಕಿದರೆ ಏನು ನಷ್ಟ ಎಂದು ಕೇಳಬಹುದು. ಇಸ್ರೇಲಿನ ರೂತ್ ಬಟ್ಲರ್ ಇದನ್ನೇ ಐದು, ಆರನೇ ತರಗತಿಯ ಮಕ್ಕಳ ಮೇಲೆ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ. ಮುಂದಿನ ಕೆಲಸವನ್ನು ಹೆಚ್ಚು ಚೆನ್ನಾಗಿ, ಹೆಚ್ಚು ಆಸಕ್ತಿಯಿಂದ ಮಾಡಿದ್ದು ಬರೀ ಟಿಪ್ಪಣಿ ಪಡೆದವರು. ಎರಡೂ ಪಡೆದವರು ಒಟ್ಟಿನಲ್ಲಿ ಅಂಕ ಮಾತ್ರ ಪಡೆದವರ ಹಾಗೇ ಉಳಿದರು. ಅಂಕ ಕಂಡ ಮೇಲೆ ಮಗುವಿನ ಗಮನ ಕೆಲಸದಿಂದ ತನ್ನ ಮೇಲೆ ತಿರುಗುತ್ತದೆ, ನಾನು ಮುಂದೋ ಹಿಂದೋ ಎಂದು. ಟೀಚರ್ ರಾತ್ರಿ ಕೂತು ಬರೆದದ್ದು ದಂಡ.

ಆದರೆ ಹಾಳೆ ಬದಲಾದ ಮಾತ್ರಕ್ಕೆ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಕೆಡುವುದು ನಡುವಿನ ಕಂಬದಲ್ಲೇ. ‘ಭಾಷೆ ಉತ್ತಮವಾಗಿದೆ’ ಎಂದು ಅಲ್ಲಿ ಬರೆದರೆ ಮಗುವಿಗೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ. ಸಾಲು ಸರಿ ಇದೆಯೇ ಎಂದು ತಿಳಿಯಲು ಸುಲಭದ ಉಪಾಯವೊಂದಿದೆ: ಅದೇ ಪತ್ರವನ್ನು ಇಬ್ಬರು ಮಕ್ಕಳಿಗೆ ಬೇರೆಬೇರೆಯಾಗಿ ಕೊಟ್ಟು, ಈ ಸಾಲು ಇಲ್ಲಿ ಮುಟ್ಟಿದೆಯೋ ಇಲ್ಲವೋ ಎಂದು ಕೇಳುವುದು. ಇಬ್ಬರೂ ಬೇರೆಬೇರೆ ಉತ್ತರ ಕೊಟ್ಟರೆ ಸಾಲನ್ನು ತಿದ್ದಬೇಕು.

ಎರಡನೆಯ ಎಡವಟ್ಟು ಎಡಗಡೆಯದು. ಒಳ್ಳೆಯ ಮನಸ್ಸಿನ ಶಿಕ್ಷಕರೇ ಇದರಲ್ಲಿ ಹೆಚ್ಚು ಬೀಳುತ್ತಾರೆ. “ಮಾರಮ್ಮನ ಗುಡಿ ಹಿಂದಿನ ಬೀದಿ ಎಂದು ಬರೆ” ಎಂದು ತಾವೇ ಬರೆದುಕೊಟ್ಟರೆ ಎರಡನೇ ಕರಡಿನಲ್ಲಿ ಆ ಪದಗಳು ಹಾಗೇ ಬಂದು ಕೂರುತ್ತವೆ. ಮುಂದಿನ ಪತ್ರದಲ್ಲಿ ಮತ್ತೆ ‘ನಮ್ಮ ಊರಿನಲ್ಲಿ’. ನಾಲ್ಕು ಸಾಲಿಗೂ ಟಿಪ್ಪಣಿ ಬರೆದರೆ ಮಗು ಅದರಲ್ಲಿ ಸುಲಭದ್ದನ್ನು, ಎಂದರೆ ದಿನಾಂಕ ಹಾಕುವುದನ್ನು, ಮಾಡಿ ಮುಗಿಸುತ್ತದೆ. ಹಾಗಾಗಿ ಒಂದು ಅಥವಾ ಎರಡು ಟಿಪ್ಪಣಿ, ಅದೂ ಪ್ರಶ್ನೆಯ ರೂಪದಲ್ಲಿ. ಎರಡೂ ಕರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕೆಲಸ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಅಕ್ಷರ ದುಂಡಗಾಗಿ ಕಾಗುಣಿತ ಮಾತ್ರ ಸರಿಹೋಗಿದ್ದರೆ ಅದು ನಕಲು ಪ್ರತಿ. ಹೊಸ ವಾಕ್ಯ ಬಂದಿದ್ದರೆ, ಹಳೆಯದೊಂದು ಹೋಗಿದ್ದರೆ ಅದು ತಿದ್ದುಪಡಿ.

ನಲವತ್ತೈದು ಮಕ್ಕಳ ತರಗತಿಯಲ್ಲಿ ಇದು ಸಾಧ್ಯವೇ? ಹಾಳೆ ತಯಾರಿಸುವುದು ಹದಿನಾರು ಚೌಕಕ್ಕಿಂತ ಸುಲಭ, ಆದರೆ ಟಿಪ್ಪಣಿ ಬರೆಯುವುದು ಚೌಕಕ್ಕೆ ಗೆರೆ ಎಳೆಯುವುದಕ್ಕಿಂತ ನಿಧಾನ, ಇದನ್ನು ಮುಚ್ಚಿಡಬೇಕಾಗಿಲ್ಲ. ಮೊದಲು ಮಗುವೇ ತನ್ನ ಪತ್ರಕ್ಕೆ ಎಡಗಂಬ ತುಂಬಲಿ. ಅದು ಬರೆದದ್ದು ಸರಿಯಿದ್ದರೆ ಟೀಚರ್ ಸಹಿ ಹಾಕಿದರೆ ಸಾಕು. ತಪ್ಪಿದ್ದರೆ ಮಾತ್ರ ಒಂದು ಸಾಲು ಬರೆಯಬೇಕು. ತಿಂಗಳಿಗೊಂದು ಬರಹಕ್ಕೆ ಹೀಗೆ ಮಾಡಿದರೂ ಆದೀತು, ಪ್ರತಿ ಹೋಂವರ್ಕಿಗೂ ಬೇಡ. ಪರೀಕ್ಷೆಯ ಉತ್ತರಪತ್ರಿಕೆಗೆ ಇದು ಸಲ್ಲುವುದೇ ಇಲ್ಲ, ಅಲ್ಲಿ ತಿದ್ದಿ ಬರೆಯುವ ಅವಕಾಶವೇ ಇಲ್ಲವಲ್ಲ.

ಇನ್ನು ನಮ್ಮ ಶಾಲೆಗಳಲ್ಲಿ ಎಫ್‌ಎ ಅಂಕ ದಾಖಲಿಸಲೇಬೇಕು, ಅದನ್ನು ತಪ್ಪಿಸಲಾಗದು. ದಾಖಲಿಸಿ, ಆದರೆ ಎರಡನೇ ಕರಡು ಬಂದ ಮೇಲೆ. ಮೊದಲ ಕರಡು, ಟಿಪ್ಪಣಿಯ ಹಾಳೆ, ಎರಡನೇ ಕರಡು ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಮಗುವಿನ ಕೃತಿಸಂಪುಟದಲ್ಲಿಟ್ಟರೆ, ಅಂಕ ಯಾಕೆ ಇಷ್ಟೇ ಎಂದು ಪೋಷಕರ ಸಭೆಯಲ್ಲಿ ಯಾರಾದರೂ ಕೇಳಿದಾಗ ತೆಗೆದು ಮುಂದಿಡಬಹುದು.