ಏಳು ದಿನ ಕಾಯಲಾರದೆ ಲೈಸೆನ್ಸೇ ಕಳೆದುಕೊಳ್ಳುವವರು

“ಆಧಾರ್ ನಂಬರ್ ಕಳಿಸಿ, ಒಟಿಪಿ ಬಂದ ಕೂಡಲೇ ಹೇಳಿ. ಟೆಸ್ಟ್ ನಾವೇ ಬರೆದುಬಿಡ್ತೀವಿ. ಸಾಯಂಕಾಲದೊಳಗೆ ಎಲ್‌ಎಲ್ ನಿಮ್ಮ ಮೊಬೈಲಿಗೆ ಬರುತ್ತೆ.”

ಮುಂಬೈಯಲ್ಲಿ ಹಿಂದಿಯಲ್ಲಿ, ಪುಣೆಯಲ್ಲಿ ಮರಾಠಿಯಲ್ಲಿ, ಚೆನ್ನೈನಲ್ಲಿ ತಮಿಳಿನಲ್ಲಿ, ಭಾಷೆ ಯಾವುದಾದರೂ ಏಜೆಂಟರ ಮಾತು ಇದೇ. ಊರು ಬಿಟ್ಟು ಬಂದು ಕೆಲಸಕ್ಕೆ ಸೇರಿದ ನಮ್ಮ ಹುಡುಗರಿಗೆ ಇದು ದೊಡ್ಡ ಉಪಕಾರವಾಗಿ ಕಾಣುತ್ತದೆ. ರಜೆ ಹಾಕಬೇಕಿಲ್ಲ, ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಿಲ್ಲಬೇಕಿಲ್ಲ, ಫೇಲಾಗುವ ಭಯವಿಲ್ಲ. ಕೊಟ್ಟ ದುಡ್ಡಿಗೆ ಲೈಸೆನ್ಸ್ ಬಂದೇ ಬರುತ್ತದೆ. ಅದೂ ನಕಲಿ ಕಾಗದವಲ್ಲ, ಸರ್ಕಾರದ ದಾಖಲೆಯಲ್ಲೇ ಇರುವ ನಂಬರು. ಹಾಗಾಗಿ ಹೆಚ್ಚಿನವರು “ಸರ್ಕಾರವೇ ಕೊಟ್ಟಿದೆಯಲ್ಲ, ಇನ್ನೇನು ತೊಂದರೆ?” ಎಂದು ನೆಮ್ಮದಿಯಾಗಿರುತ್ತಾರೆ.

ತೊಂದರೆ ಅಲ್ಲೇ ಇದೆ. ಲೈಸೆನ್ಸ್ ಅಸಲಿಯಾಗಿದ್ದು ಅದನ್ನು ಪಡೆದ ದಾರಿ ಮೋಸದ್ದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರತ್ಯೇಕ ಉತ್ತರವಿದೆ.

ಫೇಲಾದರೆ ಎಷ್ಟು ನಷ್ಟ?

ಮೊದಲು ಪ್ರಾಮಾಣಿಕವಾಗಿ ಟೆಸ್ಟಿಗೆ ಹೋಗಿ ಫೇಲಾದವರ ಲೆಕ್ಕ ನೋಡೋಣ. ಕಲಿಕಾ ಲೈಸೆನ್ಸಿನ ಪರೀಕ್ಷೆಯಲ್ಲಿ ಆಯ್ಕೆ ಉತ್ತರದ ಪ್ರಶ್ನೆಗಳಿರುತ್ತವೆ. ರಸ್ತೆ ಚಿಹ್ನೆ, ಸಿಗ್ನಲ್, ಅಪಘಾತವಾದಾಗ ಚಾಲಕ ಮಾಡಬೇಕಾದ ಕೆಲಸ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರ, ಜೊತೆಯಲ್ಲಿ ಇರಬೇಕಾದ ಕಾಗದಪತ್ರ, ಇಷ್ಟೇ ವಿಷಯ. ನೂರಕ್ಕೆ 60ರಷ್ಟು ಉತ್ತರ ಸರಿಯಾದರೆ ಪಾಸು. ಕೇಂದ್ರ ನಿಯಮದ ಪ್ರಕಾರ ಮತ್ತೊಮ್ಮೆ ಪರೀಕ್ಷೆ ಬರೆಯಲು ಶುಲ್ಕ 50 ರೂಪಾಯಿ.

ಎಲ್‌ಎಲ್ ಸಿಕ್ಕಿ ಕನಿಷ್ಠ 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ. ಅದರಲ್ಲಿ ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಒಂದೊಂದು ಬಗೆಯ ವಾಹನಕ್ಕೆ ಪರೀಕ್ಷಾ ಶುಲ್ಕ 300 ರೂಪಾಯಿ. ಇದರ ಮೇಲೆ ರಾಜ್ಯದ ಸೇವಾ ಶುಲ್ಕ ಸೇರಬಹುದು. ಮೂರು ಸಲವೂ ಫೇಲಾದರೆ 60 ದಿನ ಕಾಯಬೇಕು, ಡ್ರೈವಿಂಗ್ ಶಾಲೆಯಲ್ಲಿ ಮರುತರಬೇತಿ ಪಡೆಯಬೇಕು.

ಅಂದರೆ ಫೇಲಾಗುವುದು ತಪ್ಪೇ ಅಲ್ಲ. ಅದು ಯಾವ ದಾಖಲೆಗೂ ಕಳಂಕವಲ್ಲ. ಏಜೆಂಟ್ ಉಳಿಸಿಕೊಡುವುದು ಹೆಚ್ಚೆಂದರೆ ಕೆಲವು ದಿನ, ಕೆಲವು ನೂರು ರೂಪಾಯಿ.

ಒಟಿಪಿ ಕೊಟ್ಟ ಮೇಲೆ

ಈಗ ಇನ್ನೊಂದು ದಾರಿ. ವಿಜಯಪುರ ಕಡೆಯ ಯುವಕನೊಬ್ಬ ಪುಣೆಯಲ್ಲಿ ಕೆಲಸಕ್ಕಿದ್ದಾನೆ ಎಂದಿಟ್ಟುಕೊಳ್ಳೋಣ. 2021ರಿಂದೀಚೆಗೆ ಹಲವು ರಾಜ್ಯಗಳಲ್ಲಿ ಆಧಾರ್ ದೃಢೀಕರಣ ಮಾಡಿಕೊಂಡು ಮನೆಯಿಂದಲೇ ಎಲ್‌ಎಲ್ ಪರೀಕ್ಷೆ ಬರೆಯುವ ಅನುಕೂಲ ಬಂದಿದೆ. ಆತ ಏಜೆಂಟಿಗೆ ಆಧಾರ್ ವಿವರ ಕೊಡುತ್ತಾನೆ, ಫೋನಿಗೆ ಬಂದ ಒಟಿಪಿ ಹೇಳುತ್ತಾನೆ, ಪರೀಕ್ಷೆಯ ಪಾಸ್‌ವರ್ಡ್ ಬಂದಾಗ ಅದನ್ನೂ ಕಳಿಸುತ್ತಾನೆ. ಏಜೆಂಟಿನ ಅಂಗಡಿಯಲ್ಲಿ ಕೂತ ಯಾರೋ ಪ್ರಶ್ನೆಗಳಿಗೆ ಉತ್ತರ ಒತ್ತುತ್ತಾರೆ. ಕ್ಯಾಮೆರಾ ಮುಖ ಕೇಳಿದರೆ ಫೋಟೋ ಹಿಡಿಯುತ್ತಾರೆ. ಸಂಜೆಗೆ ಎಲ್‌ಎಲ್ ಬರುತ್ತದೆ. ತಿಂಗಳು ಕಳೆದು ಆತ ತಾನೇ ಟ್ರ್ಯಾಕಿಗೆ ಹೋಗಿ ಕಾರು ಓಡಿಸಿ ಡಿಎಲ್ ಕೂಡ ಪಡೆಯುತ್ತಾನೆ.

ಇಂಥ ಕೆಲಸ ಸಿಕ್ಕಿಬೀಳುವುದು ಆ ಯುವಕನಿಂದಲ್ಲ, ಏಜೆಂಟಿನಿಂದ. ಒಬ್ಬನ ಪರೀಕ್ಷೆ ಬರೆದವನು ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಕಂಪ್ಯೂಟರಿನಿಂದ, ಅದೇ ಇಂಟರ್ನೆಟ್ ಸಂಪರ್ಕದಿಂದ ಹತ್ತಾರು ಜನರ ಹೆಸರಿನಲ್ಲಿ ಬರೆಯುತ್ತಾನೆ. ಪ್ರಶ್ನೆ ಓದಲೂ ಸಾಲದಷ್ಟು ವೇಗದಲ್ಲಿ ಉತ್ತರಗಳು ಬಿದ್ದಿರುತ್ತವೆ. ಸೆರೆಹಿಡಿದ ಮುಖಕ್ಕೂ ಆಧಾರ್ ಫೋಟೋಕ್ಕೂ ಹೊಂದಿಕೆಯಾಗಿರುವುದಿಲ್ಲ. ಎಂದೋ ಒಂದು ದೂರು ಬಂದು ಅಧಿಕಾರಿಗಳು ಒಂದು ಎಳೆ ಹಿಡಿದರೆ, ಆ ಕಂಪ್ಯೂಟರಿನಿಂದ ಪಾಸಾದವರ ಪಟ್ಟಿಯೇ ಹೊರಬರುತ್ತದೆ. ಏಜೆಂಟಿನ ಫೋನು ಪೊಲೀಸರ ಕೈಗೆ ಸಿಕ್ಕರಂತೂ ಯಾರು ಒಟಿಪಿ ಕಳಿಸಿದರು, ಯಾರು ಎಷ್ಟು ದುಡ್ಡು ಹಾಕಿದರು ಎಲ್ಲವೂ ಅದರಲ್ಲೇ ಇರುತ್ತದೆ. ಓಡಿಸುವ ಪರೀಕ್ಷೆಗೆ ಬದಲಿ ಆಳನ್ನು ಕಳಿಸಿದ್ದರೆ, ಕ್ಯಾಮೆರಾ ಇರುವ ಟ್ರ್ಯಾಕುಗಳಲ್ಲಿ ಆ ದೃಶ್ಯವೇ ಸಾಕ್ಷಿ.

ನಮ್ಮ ಯುವಕನಿಗೆ ನೋಟಿಸ್ ಬರುತ್ತದೆ. ಕಾಯ್ದೆಯ 19ನೇ ಕಲಮು ಲೈಸೆನ್ಸ್ ಅಧಿಕಾರಿಗೆ ಕೊಡುವ ಅಧಿಕಾರ ಇದು: ವಂಚನೆಯಿಂದಾಗಲಿ ಸುಳ್ಳು ಮಾಹಿತಿಯಿಂದಾಗಲಿ ಲೈಸೆನ್ಸ್ ಪಡೆದಿದ್ದರೆ, ಆ ವ್ಯಕ್ತಿಯ ಮಾತು ಕೇಳಿ, ಕಾರಣವನ್ನು ಬರಹದಲ್ಲಿ ದಾಖಲಿಸಿ, ಆದೇಶ ಹೊರಡಿಸಬಹುದು. ಆದೇಶ ಎರಡು ಬಗೆಯದು. ಒಂದು, ಇರುವ ಲೈಸೆನ್ಸನ್ನು ರದ್ದು ಮಾಡುವುದು. ಇನ್ನೊಂದು, ಇಂತಿಷ್ಟು ಕಾಲ ಲೈಸೆನ್ಸ್ ಇಟ್ಟುಕೊಳ್ಳಲೂ ಹೊಸದಾಗಿ ಪಡೆಯಲೂ ಅನರ್ಹನೆಂದು ಸಾರುವುದು. ಎರಡನೆಯದೇ ನಾವು ಮಾತಿನಲ್ಲಿ ಹೇಳುವ ನಿಷೇಧ.

ಆತ ಕೊಡುವ ಮೊದಲ ಉತ್ತರ, “ನನಗೇನೂ ಗೊತ್ತಿಲ್ಲ, ಎಲ್ಲ ಏಜೆಂಟೇ ಮಾಡಿದ್ದು.” ಇದು ನಿಲ್ಲುವುದು ಕಷ್ಟ. ಅರ್ಜಿ ಆತನ ಹೆಸರಿನದು, ಒಟಿಪಿ ಬಂದದ್ದು ಆತನ ಫೋನಿಗೆ, ತಾನು ಪರೀಕ್ಷೆ ಬರೆದಿಲ್ಲ ಎಂಬುದು ಆತನಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಎರಡನೆಯ ಉತ್ತರ, “ಕಾರು ಓಡಿಸುವ ಪರೀಕ್ಷೆಯನ್ನು ನಾನೇ ಪಾಸು ಮಾಡಿದ್ದೇನಲ್ಲ.” ಆದರೆ ಆ ಪರೀಕ್ಷೆಗೆ ಕೂರಲು 30 ದಿನದ ಎಲ್‌ಎಲ್ ಬೇಕಿತ್ತು. ಆ ಎಲ್‌ಎಲ್ಲೇ ಮೋಸದ್ದಾದರೆ ಅದರ ಮೇಲೆ ನಿಂತ ಡಿಎಲ್‌ಗೂ ಪ್ರಶ್ನೆ ಬರುತ್ತದೆ.

ಚೆನ್ನಾಗಿ ಓಡಿಸಿದರೂ ಏಕೆ ರದ್ದು?

“ನಾನು ವರ್ಷಗಟ್ಟಲೆ ಒಂದು ಗೀರೂ ಆಗದಂತೆ ಓಡಿಸಿದ್ದೇನೆ” ಎನ್ನುವವರಿದ್ದಾರೆ. ಮಾತು ನಿಜವೇ ಇರಬಹುದು. ಆದರೆ ಲೈಸೆನ್ಸ್ ಎಂಬುದು ಕೊಂಡ ಸಾಮಾನಲ್ಲ. “ಈ ವ್ಯಕ್ತಿಯನ್ನು ನಾವು ಪರೀಕ್ಷಿಸಿದ್ದೇವೆ” ಎಂದು ಸರ್ಕಾರ ರಸ್ತೆಯ ಮೇಲಿನ ಉಳಿದೆಲ್ಲರಿಗೂ ಕೊಡುವ ಮಾತು ಅದು. ಪರೀಕ್ಷೆಗೆ ಕೂತವರು ಬೇರೆಯಾದರೆ ಆ ಮಾತು ಹುಟ್ಟಿದ ದಿನವೇ ಸುಳ್ಳು. ಆಮೇಲೆ ಎಷ್ಟು ಚೆನ್ನಾಗಿ ಓಡಿಸಿದರೂ ಅದು ನಿಜವಾಗುವುದಿಲ್ಲ. ಪೂರ್ತಿ ನಕಲಿ ಲೈಸೆನ್ಸಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಇಂಥದೇ ತರ್ಕ ಹಿಡಿಯಿತು: ನಕಲಿಯನ್ನು ಕಚೇರಿಯೇ ನವೀಕರಿಸಿಕೊಟ್ಟರೂ ಅದು ಅಸಲಿಯಾಗದು.

ಒಂದು ವ್ಯತ್ಯಾಸ ನೆನಪಿಡಬೇಕು. ಮೋಸದಿಂದ ಪಡೆದದ್ದಾದರೂ ಕಚೇರಿಯೇ ಕೊಟ್ಟ ಲೈಸೆನ್ಸ್ ತಾನಾಗಿ ಬಿದ್ದುಹೋಗುವುದಿಲ್ಲ, ಆದೇಶ ಬೇಕು. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ನಿಜವಾಗಿಯೂ ತಾನೇ ಪರೀಕ್ಷೆ ಬರೆದು, ಸೈಬರ್ ಕೇಂದ್ರದ ಕಂಪ್ಯೂಟರ್ ಬಳಸಿದ್ದಕ್ಕೆ ಪಟ್ಟಿಯಲ್ಲಿ ಸೇರಿಹೋದವರಿಗೆ ಈ ಎರಡು ಅವಕಾಶ ಬಹಳ ಮುಖ್ಯ. ನೋಟಿಸಿಗೆ ಉತ್ತರಿಸದೆ ಕೂರಬಾರದು.

ನಿಷೇಧದ ಅವಧಿಯಲ್ಲಿ ಗಾಡಿ ಓಡಿಸಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಆ ಅವಧಿಯಲ್ಲಿ ಹೊಸ ಲೈಸೆನ್ಸಿಗೆ ಅರ್ಜಿ ಹಾಕುವುದೂ ಇದೇ ಅಪರಾಧ. ಪುಣೆಯಲ್ಲಿ ಹೋದರೆ ವಿಜಯಪುರದಲ್ಲಿ ಮಾಡಿಸಿಕೊಳ್ಳುತ್ತೇನೆ ಎನ್ನುವಂತಿಲ್ಲ. ನಿಷೇಧ ಇರುವುದು ವ್ಯಕ್ತಿಯ ಮೇಲೆ, ಊರಿನ ಮೇಲಲ್ಲ. ಪೊಲೀಸ್ ಪ್ರಕರಣ ಬೇರೆಯೇ ದಾಖಲಾಗಬಹುದು. ಕಂಪ್ಯೂಟರ್ ಬಳಸಿ ಬೇರೆಯವರ ಸೋಗು ಹಾಕಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಲೈಸೆನ್ಸ್ ಇಲ್ಲದೆ ಅಪಘಾತವಾದರೆ ಲೆಕ್ಕ ಇನ್ನೂ ದೊಡ್ಡದು. ಗಾಯಗೊಂಡವರಿಗೆ ವಿಮಾ ಕಂಪನಿ ಪರಿಹಾರ ಕೊಟ್ಟರೂ, ಷರತ್ತು ಮುರಿದದ್ದು ಮಾಲೀಕನಿಗೆ ಗೊತ್ತಿತ್ತೆಂದು ರುಜುವಾದರೆ ಆ ಹಣವನ್ನು ಅವನಿಂದ ವಸೂಲು ಮಾಡಬಹುದು ಎಂಬುದು 2004ರ ಸುಪ್ರೀಂ ಕೋರ್ಟ್ ತೀರ್ಪಿನ ನೆಲೆ. ಓಡಿಸುವವನೇ ಮಾಲೀಕನಾಗಿದ್ದರೆ “ನನಗೆ ಗೊತ್ತಿರಲಿಲ್ಲ” ಎನ್ನಲು ಜಾಗವೇ ಇಲ್ಲ. ಟ್ಯಾಕ್ಸಿಯನ್ನೋ ಡೆಲಿವರಿ ಗಾಡಿಯನ್ನೋ ನಂಬಿ ಬದುಕುವವರಿಗಂತೂ ರದ್ದಾದ ದಿನದಿಂದಲೇ ಅನ್ನದ ಪ್ರಶ್ನೆ.

ಗೆರೆ ಎಲ್ಲಿದೆ?

ಏಜೆಂಟರ ಸಹಾಯವೆಲ್ಲ ಅಪರಾಧವಲ್ಲ. ಅರ್ಜಿ ತುಂಬಿಸುವುದು, ಕಾಗದ ಸ್ಕ್ಯಾನ್ ಮಾಡಿಸುವುದು, ಶುಲ್ಕ ಕಟ್ಟಿಸುವುದು, ಸ್ಲಾಟ್ ಹಿಡಿಸುವುದು ತಪ್ಪಲ್ಲ. ನೀವೇ ಮಾಡಬೇಕಾದ ಪರೀಕ್ಷೆಯನ್ನು ಅವರು ಮಾಡಿದರೆ, ನೀವೇ ಹೇಳಬೇಕಾದ ಸತ್ಯದ ಜಾಗದಲ್ಲಿ ಅವರು ಸುಳ್ಳು ತುಂಬಿದರೆ, ಗೆರೆ ದಾಟಿದಂತೆ. ಪರೀಕ್ಷೆಯ ಪಾಸ್‌ವರ್ಡ್ ಕೇಳಿದ ಗಳಿಗೆಯಲ್ಲೇ ಎದ್ದು ಬನ್ನಿ.

“ಹೊಸ ರೂಲ್ ಬಂದಿದೆ, ಟೆಸ್ಟೇ ಬೇಡ” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 2021ರ ನಿಯಮದಂತೆ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಪೂರ್ತಿ ಕೋರ್ಸ್ ಮುಗಿಸಿ ಅಲ್ಲಿನ ಪರೀಕ್ಷೆಯಲ್ಲಿ ಪಾಸಾದವರಿಗೆ ಆರ್‌ಟಿಒದಲ್ಲಿ ಓಡಿಸಿ ತೋರಿಸುವುದರಿಂದ ವಿನಾಯಿತಿ ಇದೆ. ಲಘು ವಾಹನಕ್ಕೆ ಆ ಕೋರ್ಸು 29 ಗಂಟೆಯದು. ಬೀದಿಯ ಮೂಲೆಯ ಸಾಮಾನ್ಯ ಮೋಟಾರ್ ಸ್ಕೂಲಿನ ಸರ್ಟಿಫಿಕೇಟಿಗೆ ಆ ವಿನಾಯಿತಿ ಸಿಗದು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ಪಡೆದ ಲೈಸೆನ್ಸ್ ದೇಶದ ಎಲ್ಲೆಡೆ ನಡೆಯುತ್ತದೆ. ಊರು ಬದಲಾಯಿತೆಂದು ಹೊಸದು ಬೇಕಿಲ್ಲ, ವಿಳಾಸ ಬದಲಿಸಿಕೊಂಡರೆ ಸಾಕು. ಒಬ್ಬರು ಎರಡು ಲೈಸೆನ್ಸ್ ಇಟ್ಟುಕೊಳ್ಳುವಂತಿಲ್ಲ. ಹಳೆಯದನ್ನು ಮುಚ್ಚಿಟ್ಟು ಸುಳ್ಳು ಬಾಡಿಗೆ ಕರಾರಿನ ಮೇಲೆ ಹೊಸದನ್ನು ಮಾಡಿಸಿದರೆ ಅದೂ 19ನೇ ಕಲಮಿನ ಸುಳ್ಳು ಮಾಹಿತಿಯೇ.

ಬೇರೆಯವರ ಕೈಯಲ್ಲಿ ಅರ್ಜಿ ಹಾಕಿಸಿದ್ದರೆ ಇವತ್ತೇ parivahan.gov.in ತೆರೆದು ನಿಮ್ಮ ಹೆಸರು, ಜನ್ಮದಿನಾಂಕ, ವಾಹನದ ಬಗೆ ಸರಿಯಾಗಿವೆಯೇ ನೋಡಿ. ಇನ್ನೂ ಎಲ್‌ಎಲ್ ಮಾಡಿಸಬೇಕಾದವರು ಒಂದು ಭಾನುವಾರ ಕೂತು ರಸ್ತೆ ಚಿಹ್ನೆಗಳನ್ನು ಓದಿಕೊಳ್ಳಿ. ಫೇಲಾದರೆ 50 ರೂಪಾಯಿ ಕಟ್ಟಿ ಮತ್ತೆ ಬರೆಯಿರಿ.