ಹಿಮೋಗ್ಲೋಬಿನ್ ಸರಿಯಿದೆ, ಕಾಲಿಗೆ ಮಾತ್ರ ನಿದ್ದೆಯಿಲ್ಲ

ರಾತ್ರಿ ಹನ್ನೊಂದಾಯಿತೆಂದರೆ ನಮ್ಮ ಅತ್ತಿಗೆ ಹಜಾರದಲ್ಲಿ ಓಡಾಡುವ ಸದ್ದು ಶುರುವಾಗುತ್ತಿತ್ತು. ಬಚ್ಚಲಿಗೆ ಹೋಗಿ ಕಾಲಿಗೆ ತಣ್ಣೀರು ಸುರಿದುಕೊಳ್ಳುವರು, ಬಂದು ಮಲಗುವರು, ಹತ್ತು ನಿಮಿಷಕ್ಕೆ ಮತ್ತೆ ಏಳುವರು. "ನೋವಲ್ಲ ಕಣೋ, ಮೀನಖಂಡದ ಒಳಗೆ ಏನೋ ಹರಿದಾಡಿದ ಹಾಗೆ. ಅಲ್ಲಾಡಿಸದಿದ್ದರೆ ತಡೆಯೋಕೇ ಆಗಲ್ಲ" ಎನ್ನುತ್ತಿದ್ದರು. ರಾತ್ರಿ ಬಸ್ಸಿನ ಪ್ರಯಾಣವನ್ನಂತೂ ಬಿಟ್ಟೇಬಿಟ್ಟಿದ್ದರು.

ಇದಕ್ಕೆ ವೈದ್ಯರು ಇಟ್ಟ ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. 1945ರಲ್ಲಿ ಸ್ವೀಡನ್ನಿನ ವೈದ್ಯ ಎಕ್‌ಬಾಮ್ ಇದನ್ನು ವಿವರವಾಗಿ ಬರೆದಿಟ್ಟರು. ಇದನ್ನು ಗುರುತಿಸಲು ಸ್ಕ್ಯಾನ್ ಬೇಕಿಲ್ಲ, ರೋಗಿಯ ಮಾತು ಸರಿಯಾಗಿ ಕೇಳಿಸಿಕೊಂಡರೆ ಸಾಕು. ಕಾಲು ಆಡಿಸಲೇಬೇಕೆಂಬ ತುಡಿತ, ಸುಮ್ಮನೆ ಕೂತಾಗ ಮಲಗಿದಾಗ ಅದು ಹೆಚ್ಚುವುದು, ನಡೆದರೆ ಕಡಿಮೆಯಾಗುವುದು, ಸಂಜೆಯ ಮೇಲೆ ಕಾಡುವುದು: ಈ ನಾಲ್ಕೂ ಕೂಡಿರಬೇಕು. ಮೀನಖಂಡ ಗಂಟು ಕಟ್ಟಿ ಹಿಡಿದುಕೊಳ್ಳುವ ಸೆಳೆತ ಬೇರೆ, ಕಾಲು ಮಡಿಸಿ ಕೂತಾಗ ಹಿಡಿಯುವ ಜೋಮು ಬೇರೆ.

ಅತ್ತಿಗೆಗೆ ನಲವತ್ತಮೂರು. ಮೊದಲು ಹೋದ ಕಡೆ ಕ್ಯಾಲ್ಸಿಯಂ ಮತ್ತು ಬಿ ಕಾಂಪ್ಲೆಕ್ಸ್ ಮಾತ್ರೆ ಸಿಕ್ಕಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.2 ಬಂತು. "ರಕ್ತ ಚೆನ್ನಾಗಿದೆಯಮ್ಮ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದರು. ಎರಡು ವರ್ಷದ ಮೇಲೆ ಇನ್ನೊಬ್ಬ ವೈದ್ಯೆ ಮುಟ್ಟಿನ ಬಗ್ಗೆ ಕೇಳಿದರು. ತಿಂಗಳು ತಿಂಗಳೂ ಏಳೆಂಟು ದಿನ ಹೆಚ್ಚು ರಕ್ತಸ್ರಾವ. ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. ಬಂದದ್ದು 19.

ಹಿಮೋಗ್ಲೋಬಿನ್ ಅಡುಗೆಮನೆಯ ಅಕ್ಕಿ ಡಬ್ಬವಿದ್ದಂತೆ, ಫೆರಿಟಿನ್ ಕಣಜ. ಕಣಜ ಬರಿದಾಗುತ್ತಾ ಬಂದರೂ ಡಬ್ಬ ಒಂದಷ್ಟು ದಿನ ತುಂಬಿಯೇ ಕಾಣುತ್ತದೆ. ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು, ಚಲನೆಯ ಹತೋಟಿಗೆ ಡೋಪಮಿನ್ ಬೇಕು. ಈ ತೊಂದರೆ ಇರುವವರಲ್ಲಿ ರಕ್ತದಲ್ಲಿ ಕಬ್ಬಿಣ ಸಾಕಷ್ಟಿದ್ದಾಗಲೂ ಮೆದುಳಿಗೆ ಕಡಿಮೆ ತಲುಪಿರುವುದುಂಟು. ರಕ್ತದಲ್ಲಿ ಓಡಾಡುವ ಕಬ್ಬಿಣ ರಾತ್ರಿ ಹೊತ್ತು ಇಳಿಯುತ್ತದೆ, ಕಾಟವೂ ಆಗಲೇ ಏರುತ್ತದೆ.

ಎಡವಟ್ಟಾಗುವುದು ಲ್ಯಾಬ್ ಚೀಟಿಯಲ್ಲಿ. ಎಷ್ಟೋ ಲ್ಯಾಬುಗಳು ಹೆಂಗಸರಿಗೆ ಹತ್ತು, ಹದಿನೈದರಿಂದಲೇ 'ನಾರ್ಮಲ್' ಎಂದು ಮುದ್ರಿಸುತ್ತವೆ. ಅತ್ತಿಗೆಯ 19ರ ಪಕ್ಕದಲ್ಲೂ ಯಾವ ಗುರುತೂ ಇರಲಿಲ್ಲ. ಆದರೆ ಈ ಕಾಯಿಲೆಯಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡಬೇಕೆಂಬುದು ಪರಿಣತರ ಲೆಕ್ಕ. ಒಂದು ಎಚ್ಚರ: ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಮೇಲೇರುತ್ತದೆ. ಹಾಗಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೂಡ ನೋಡಿಸುವುದು ಒಳ್ಳೆಯದು. ಪರೀಕ್ಷೆಯಿಲ್ಲದೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಬೇಡ. ಕೆಲವರ ಮೈಯಲ್ಲಿ ಕಬ್ಬಿಣ ಹೆಚ್ಚಾಗಿ ಸೇರಿಕೊಂಡಿರುತ್ತದೆ, ಅದೂ ಅಪಾಯವೇ.

ಅತ್ತಿಗೆಗೆ ದಿನ ಬಿಟ್ಟು ದಿನ ಒಂದು ಕಬ್ಬಿಣದ ಮಾತ್ರೆ, ನಿಂಬೆ ಪಾನಕದ ಜೊತೆ. ಕಾಫಿ ಅದರ ಹತ್ತಿರ ಸುಳಿಯಬಾರದು, ಹಾಲೂ ಕ್ಯಾಲ್ಸಿಯಂ ಮಾತ್ರೆಯೂ ಬೇರೆ ಹೊತ್ತಿಗೆ. ಬೆಳಗಿನ ಕಾಫಿ ತಡವಾಗುವುದೇ ಅವರಿಗೆ ದೊಡ್ಡ ಶಿಕ್ಷೆ. ಮಲ ಕಪ್ಪಾಯಿತು, ಸ್ವಲ್ಪ ಮಲಬದ್ಧತೆ ಬಂತು. ಎರಡನ್ನೂ ವೈದ್ಯೆ ಮೊದಲೇ ಹೇಳಿದ್ದರು. ರಕ್ತಸ್ರಾವಕ್ಕೂ ಚಿಕಿತ್ಸೆ ನಡೆಯಿತು, ಇಲ್ಲವಾದರೆ ತೂತಿನ ಕಣಜಕ್ಕೆ ಭತ್ತ ಸುರಿದಂತೆ. ಮೂರು ತಿಂಗಳಿಗೆ ಫೆರಿಟಿನ್ 46. ವಾರದಲ್ಲಿ ಆರು ರಾತ್ರಿ ಕಾಡುತ್ತಿದ್ದದ್ದು ಎರಡಕ್ಕೆ ಇಳಿಯಿತು. ಮಾತ್ರೆ ಇನ್ನೂ ಮುಂದುವರಿದಿದೆ.

ಮಾತ್ರೆ ಒಗ್ಗದವರಿಗೆ, ಅದರಿಂದ ಪ್ರಯೋಜನ ಕಾಣದವರಿಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣವನ್ನು ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಕಬ್ಬಿಣ ತುಂಬಿದರೂ ಎಲ್ಲರಿಗೂ ವಾಸಿಯಾಗುವುದಿಲ್ಲ. ಅಂಥವರಿಗೆ ಈಗ ಮೊದಲು ನೆನಪಾಗುವ ಔಷಧ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್. ತಲೆಸುತ್ತು, ಮಂಪರು ಬರಬಹುದು. ಹಿಂದೆ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಧಾರಾಳವಾಗಿ ಬರೆಯುತ್ತಿದ್ದರು. ಮೊದಲ ದಿನಗಳಲ್ಲಿ ಅವು ಮಾಯದಂತೆ ಕೆಲಸ ಮಾಡುತ್ತವೆ, ವರ್ಷಗಳು ಕಳೆದಂತೆ ಕಾಟ ಸಂಜೆಗೂ ಮಧ್ಯಾಹ್ನಕ್ಕೂ ಹಿಂದೆ ಸರಿದು, ಕೈಗೂ ಹರಡುವುದುಂಟು. ಆಗ ಡೋಸ್ ಏರಿಸಿದಷ್ಟೂ ಹದಗೆಡುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಬಾರದು, ವೈದ್ಯರೇ ಮೆಲ್ಲಗೆ ಇಳಿಸಬೇಕು.

ಹೋದ ತಿಂಗಳು ಒಂದು ರಾತ್ರಿ ಮತ್ತೆ ಹಜಾರದಲ್ಲಿ ಹೆಜ್ಜೆ ಸದ್ದು. ವಿಚಾರಿಸಿದರೆ, ನೆಗಡಿಯೆಂದು ನಿದ್ದೆ ಬರಿಸುವ ಅಲರ್ಜಿ ಮಾತ್ರೆ ನುಂಗಿದ್ದರು. ಆ ಬಗೆಯ ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಖಿನ್ನತೆಯ ಕೆಲವು ಔಷಧಗಳು ಈ ಕಾಟವನ್ನು ಕೆರಳಿಸುತ್ತವೆ. ಅಂದಿನಿಂದ ಆ ಮಾತ್ರೆಯ ಹೆಸರು ಫ್ರಿಜ್ಜಿನ ಬಾಗಿಲ ಮೇಲೆ ಕೆಂಪು ಶಾಯಿಯಲ್ಲಿ ಅಂಟಿಕೊಂಡಿದೆ.