ಸಂಭವ ದರ ಮತ್ತು ಪ್ರಚಲಿತ ಪ್ರಮಾಣ

ಸಂಭವ ದರ ಮತ್ತು ಪ್ರಚಲಿತ ಪ್ರಮಾಣ ಇವು ಒಂದು ಜನಸಮುದಾಯದಲ್ಲಿ ರೋಗ ಎಷ್ಟಿದೆ ಎಂಬುದನ್ನು ಅಳೆಯಲು ಬಳಸುವ ಎರಡು ಬೇರೆ ಬೇರೆ ಅಳತೆಗಳು. ಇಂಗ್ಲಿಷಿನ ಇನ್ಸಿಡೆನ್ಸ್ ಎಂಬುದಕ್ಕೆ ಸಂಭವ ದರವೆಂದೂ ಪ್ರಿವಲೆನ್ಸ್ ಎಂಬುದಕ್ಕೆ ಪ್ರಚಲಿತ ಪ್ರಮಾಣವೆಂದೂ ಇಲ್ಲಿ ಹೇಳಲಾಗಿದೆ. ಗೊತ್ತಾದ ಒಂದು ಅವಧಿಯಲ್ಲಿ ಎಷ್ಟು ಜನರಿಗೆ ರೋಗ ಹೊಸದಾಗಿ ಬಂದಿತು ಎಂಬುದನ್ನು ಸಂಭವ ದರ ತಿಳಿಸುತ್ತದೆ. ಗೊತ್ತಾದ ಒಂದು ದಿನದಂದು ಎಷ್ಟು ಜನರಲ್ಲಿ ಆ ರೋಗ ಇದೆ ಎಂಬುದನ್ನು ಪ್ರಚಲಿತ ಪ್ರಮಾಣ ತಿಳಿಸುತ್ತದೆ. ಅದು ನಿನ್ನೆ ಬಂದದ್ದೋ ಹತ್ತು ವರ್ಷಗಳ ಹಿಂದೆ ಬಂದದ್ದೋ ಎಂಬ ಭೇದವನ್ನು ಅದು ಮಾಡುವುದಿಲ್ಲ. ದೀರ್ಘಕಾಲದ ರೋಗಗಳಲ್ಲಿ ಈ ಎರಡನ್ನೂ ಜೋಡಿಸುವ ಕೊಂಡಿ ಎಂದರೆ ರೋಗ ಸರಾಸರಿ ಎಷ್ಟು ಕಾಲ ಉಳಿಯುತ್ತದೆ ಎಂಬುದು.

ಲೆಕ್ಕದ ವಿಧಾನ

ಗದಗ ನಗರಕ್ಕೆ ಹೊಂದಿಕೊಂಡಿರುವ, ಜಿಲ್ಲೆಯ ವೈದ್ಯಕೀಯ ಕಾಲೇಜು ಇರುವ ಮಲ್ಲಸಮುದ್ರದಂತಹ ಒಂದು ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮುಂದಿನ ಅಂಕಿಗಳು ಕೇವಲ ಕಲ್ಪಿತ. ಊರಿನಲ್ಲಿ 5,000 ಜನರಿದ್ದು, ಜನವರಿ 1ರಂದು ಅವರಲ್ಲಿ 20 ಮಂದಿಗೆ ಒಂದು ದೀರ್ಘಕಾಲದ ರೋಗವಿದೆ ಎಂದುಕೊಳ್ಳೋಣ. ಆಗ ಪ್ರಚಲಿತ ಪ್ರಮಾಣ ಸಾವಿರಕ್ಕೆ 4. ಆ ವರ್ಷದಲ್ಲಿ ಇನ್ನೂ 5 ಮಂದಿಗೆ ರೋಗ ಹೊಸದಾಗಿ ಬಂದರೆ, ಅವರನ್ನು ಭಾಗಿಸಬೇಕಾದದ್ದು 5,000ದಿಂದಲ್ಲ, ರೋಗವಿಲ್ಲದ 4,980 ಜನರಿಂದ. ಈಗಾಗಲೇ ರೋಗವಿರುವವರಿಗೆ ಅದು ಮತ್ತೆ ಹೊಸದಾಗಿ ಬರಲಾರದಷ್ಟೆ. ಹೀಗೆ ಸಂಭವ ದರ ವರ್ಷಕ್ಕೆ ಸಾವಿರಕ್ಕೆ ಸುಮಾರು 1.

ಊರಿನ ಕೆರೆಯನ್ನು ನೆನೆದರೆ ಸಂಬಂಧ ಸ್ಪಷ್ಟವಾಗುತ್ತದೆ. ಕಾಲುವೆಯಿಂದ ಒಳಬರುವ ನೀರು ಸಂಭವ ದರ. ಕೆರೆಯಲ್ಲಿ ನಿಂತಿರುವ ನೀರು ಪ್ರಚಲಿತ ಪ್ರಮಾಣ. ತೂಬಿನಿಂದ ಹೊರಹೋಗುವ ನೀರು ಗುಣವಾದವರ ಮತ್ತು ತೀರಿಕೊಂಡವರ ಸಂಖ್ಯೆ. ಒಳಹರಿವು ಹೊರಹರಿವುಗಳು ಸಮವಾಗಿ ನೀರಿನ ಮಟ್ಟ ಸ್ಥಿರವಾಗಿದ್ದಾಗ ಈ ಸೂತ್ರ ಅನ್ವಯಿಸುತ್ತದೆ:

ಪ್ರಚಲಿತ ಪ್ರಮಾಣ = ಸಂಭವ ದರ × ರೋಗದ ಸರಾಸರಿ ಅವಧಿ

ಮೇಲಿನ ಊರಿನಲ್ಲಿ 4ನ್ನು 1ರಿಂದ ಭಾಗಿಸಿದರೆ ಸರಾಸರಿ ಅವಧಿ 4 ವರ್ಷ ಎಂದಾಗುತ್ತದೆ. ರೋಗ ವಿರಳವಾಗಿದ್ದಾಗ ಈ ಸರಳ ಸೂತ್ರ ಸಾಕು. ಮಧುಮೇಹದಂತೆ ವಯಸ್ಕರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ರೋಗವಿದ್ದರೆ, ಎಡಭಾಗದಲ್ಲಿ ರೋಗವುಳ್ಳವರಿಗೂ ರೋಗವಿಲ್ಲದವರಿಗೂ ಇರುವ ಅನುಪಾತವನ್ನು ಬಳಸಬೇಕಾಗುತ್ತದೆ.

ಬೆಂಗಳೂರು ಗ್ರಾಮಾಂತರದ ಕ್ಷಯರೋಗ ಸಮೀಕ್ಷೆ

ಈ ಸಂಬಂಧವನ್ನು ನಿಜವಾದ ಅಂಕಿಗಳಲ್ಲಿ ನೋಡಲು ಕರ್ನಾಟಕದಲ್ಲಿಯೇ ಒಂದು ಪ್ರಸಿದ್ಧ ಅಧ್ಯಯನವಿದೆ. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಒಂದೇ ಜನಸಮುದಾಯವನ್ನು ನಾಲ್ಕು ಬಾರಿ ಸಮೀಕ್ಷೆಗೆ ಒಳಪಡಿಸಿತು. ಎದೆಯ ಎಕ್ಸ್-ರೇಯಲ್ಲಿ ದೋಷ ಕಂಡವರ ಕಫವನ್ನು ಪರೀಕ್ಷಿಸಿ, ಕ್ಷಯದ ಬ್ಯಾಕ್ಟೀರಿಯ ಕಂಡವರನ್ನು ರೋಗಿಗಳೆಂದು ಎಣಿಸಲಾಯಿತು. ಆ ಕಾಲದಲ್ಲಿ ಹಳ್ಳಿಗಳಿಗೆ ಸಮರ್ಪಕ ಚಿಕಿತ್ಸೆ ಬಹುಮಟ್ಟಿಗೆ ತಲುಪಿರಲಿಲ್ಲವಾದ್ದರಿಂದ ರೋಗದ ಸಹಜ ಗತಿಯೇ ಇಲ್ಲಿ ದಾಖಲಾಯಿತು.

ಒಂದೊಂದು ಸಮೀಕ್ಷೆಯಲ್ಲಿ ಪ್ರಚಲಿತ ಪ್ರಮಾಣ ಲಕ್ಷ ಜನರಿಗೆ 337ರಿಂದ 406ರ ನಡುವೆ ಇತ್ತು. ಸಂಭವ ದರ ವರ್ಷಕ್ಕೆ ಲಕ್ಷಕ್ಕೆ 79ರಿಂದ 132ರ ನಡುವೆ ಇತ್ತು. ಸ್ಥೂಲವಾಗಿ 370ನ್ನು 100ರಿಂದ ಭಾಗಿಸಿದರೆ ಸರಾಸರಿ ಅವಧಿ ಮೂರೂವರೆ ವರ್ಷಕ್ಕೆ ಹತ್ತಿರವಾಗುತ್ತದೆ. ಅಂದರೆ ಒಂದು ದಿನ ಎಣಿಸಿದಾಗ ಸಿಗುವ ರೋಗಿಗಳು ಮೂರು ನಾಲ್ಕು ವರ್ಷಗಳ ಹೊಸ ರೋಗಿಗಳ ಸಂಚಯ.

ಇದೇ ಅವಧಿಯನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಬಹುದು. ಪತ್ತೆಯಾದ ರೋಗಿಗಳಲ್ಲಿ ಐದು ವರ್ಷಗಳ ನಂತರ ಸುಮಾರು 49% ಮಂದಿ ಮರಣ ಹೊಂದಿದ್ದರು, 33% ಮಂದಿ ಗುಣವಾಗಿದ್ದರು, 18% ಮಂದಿಯ ಕಫದಲ್ಲಿ ಬ್ಯಾಕ್ಟೀರಿಯ ಹಾಗೆಯೇ ಉಳಿದಿತ್ತು. ಉಳಿದವರಲ್ಲಿ ಪ್ರತಿ ವರ್ಷವೂ ಒಂದೇ ಪಾಲು, ಸುಮಾರು 29%, ರೋಗಿಗಳ ಸಾಲಿನಿಂದ ಹೊರಹೋದರೆ ಐದು ವರ್ಷಕ್ಕೆ 18% ಉಳಿಯುತ್ತಾರೆ. ಆ ಗತಿಯಲ್ಲಿ ಸರಾಸರಿ ಅವಧಿ ಸುಮಾರು 3 ವರ್ಷ. ಎರಡು ಲೆಕ್ಕಗಳೂ ಹತ್ತಿರಹತ್ತಿರ ಬರುತ್ತವೆ.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಸೂತ್ರದ ಪಾಲಿಗೆ ಮರಣ ಹೊಂದಿದ 49 ಮಂದಿಯೂ ಗುಣವಾದ 33 ಮಂದಿಯೂ ಒಂದೇ. ಇಬ್ಬರೂ ಎಣಿಕೆಯಿಂದ ಹೊರಗೆ. ಆದ್ದರಿಂದ ಪ್ರಚಲಿತ ಪ್ರಮಾಣ ಕಡಿಮೆ ಎಂದ ಮಾತ್ರಕ್ಕೆ ಆ ಊರು ಆರೋಗ್ಯವಾಗಿದೆ ಎನ್ನಲಾಗದು. ರೋಗಿಗಳು ಬೇಗ ಸಾಯುವ ಊರಿನಲ್ಲಿಯೂ ಅದು ಕಡಿಮೆಯೇ ಇರುತ್ತದೆ.

ಈ ಸಮೀಕ್ಷೆಯ ಲೆಕ್ಕಕ್ಕೂ ಒಂದು ಮಿತಿಯುಂಟು. ಒಂದು ಸಮೀಕ್ಷೆಗೂ ಮುಂದಿನದಕ್ಕೂ ನಡುವೆ ಸುಮಾರು ಒಂದೂವರೆ ವರ್ಷ ಅಥವಾ ಅದಕ್ಕಿಂತ ಹೆಚ್ಚು ಅಂತರವಿತ್ತು. ಈ ನಡುವೆ ಕ್ಷಯ ಬಂದು ಮುಂದಿನ ಸಮೀಕ್ಷೆಗೆ ಮೊದಲೇ ತೀರಿಕೊಂಡವರು ಅಥವಾ ಗುಣವಾದವರು ಹೊಸ ರೋಗಿಗಳ ಎಣಿಕೆಗೆ ಸಿಕ್ಕುವುದಿಲ್ಲ. ಇದರಿಂದ ಸಂಭವ ದರ ಇದ್ದುದಕ್ಕಿಂತ ಕಡಿಮೆಯಾಗಿಯೂ ಅವಧಿ ಇದ್ದುದಕ್ಕಿಂತ ಹೆಚ್ಚಾಗಿಯೂ ಕಾಣುತ್ತದೆ. ಯಾವುದೇ ಒಂದು ದಿನದ ಸಮೀಕ್ಷೆಗೂ ಇದೇ ಸ್ವಭಾವವಿದೆ: ಬಹುಕಾಲ ನರಳುವವರು ಸುಲಭವಾಗಿ ಸಿಗುತ್ತಾರೆ, ಬೇಗ ಮುಗಿದುಹೋಗುವ ಪ್ರಕರಣಗಳು ತಪ್ಪಿಹೋಗುತ್ತವೆ.

ಅವಧಿ ಬದಲಾದಾಗ

ಚಿಕಿತ್ಸೆಯು ಅವಧಿಯನ್ನು ಎರಡೂ ದಿಕ್ಕಿನಲ್ಲಿ ಬದಲಾಯಿಸಬಲ್ಲದು. ಎಚ್‌ಐವಿ ಸೋಂಕು ಒಂದು ದಿಕ್ಕಿನ ಉದಾಹರಣೆ. ಭಾರತದಲ್ಲಿ 2004ರ ಏಪ್ರಿಲ್‌ನಲ್ಲಿ, ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ, ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಈ ಔಷಧಿ ಸೋಂಕನ್ನು ತೊಡೆದುಹಾಕುವುದಿಲ್ಲ, ಆಯುಷ್ಯವನ್ನು ಹೆಚ್ಚಿಸುತ್ತದೆ. ಹೀಗಾಗಿ ಹೊಸ ಸೋಂಕುಗಳು ಇಳಿಯುತ್ತಿದ್ದರೂ ಸೋಂಕಿನೊಡನೆ ಬದುಕುತ್ತಿರುವವರ ಸಂಖ್ಯೆ ಅದೇ ವೇಗದಲ್ಲಿ ಇಳಿಯುವುದಿಲ್ಲ, ಕೆಲವೊಮ್ಮೆ ಏರಲೂಬಹುದು. ಈ ಏರಿಕೆಯನ್ನು ಸೋಲೆಂದು ಓದುವುದು ತಪ್ಪು.

ಕುಷ್ಠರೋಗದ್ದು ಇನ್ನೊಂದು ದಿಕ್ಕು. ಅಲ್ಲಿ ಬಹುಔಷಧ ಚಿಕಿತ್ಸೆ ಮುಗಿಸಿದವರ ಹೆಸರನ್ನು ರೋಗಿಗಳ ಪಟ್ಟಿಯಿಂದ ತೆಗೆಯಲಾಗುತ್ತದೆ. ಆದ್ದರಿಂದ ಪಟ್ಟಿಯ ಮಟ್ಟಿಗೆ ರೋಗದ ಅವಧಿ ಎಂದರೆ ಚಿಕಿತ್ಸೆಯ ಅವಧಿಯೇ. ಹೆಚ್ಚು ಬ್ಯಾಕ್ಟೀರಿಯಗಳಿರುವ ಬಗೆಯ ಕುಷ್ಠಕ್ಕೆ 24 ತಿಂಗಳಿದ್ದ ಚಿಕಿತ್ಸೆಯನ್ನು 1990ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 12 ತಿಂಗಳಿಗೆ ಇಳಿಸಲಾಯಿತು. ವರ್ಷಕ್ಕೆ ಇಂತಹ 100 ಹೊಸ ರೋಗಿಗಳು ಬರುವ ಕಡೆ ಮೊದಲು ಪಟ್ಟಿಯಲ್ಲಿ 200 ಹೆಸರುಗಳಿದ್ದರೆ, ಬದಲಾವಣೆಯ ನಂತರ 100 ಉಳಿಯುತ್ತವೆ. ಹೊಸದಾಗಿ ಬರುವವರಲ್ಲಿ ಒಬ್ಬರೂ ಕಡಿಮೆಯಾಗಿರುವುದಿಲ್ಲ. ಭಾರತದ ಪ್ರಚಲಿತ ಪ್ರಮಾಣವು 2005ರ ಡಿಸೆಂಬರ್‌ನಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದು, ಕುಷ್ಠವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಘೋಷಣೆಯಾಯಿತು. ಆದರೆ ಅದರ ನಂತರದ ಹಲವು ವರ್ಷಗಳಲ್ಲಿಯೂ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು ಪತ್ತೆಯಾಗುತ್ತಲೇ ಇದ್ದವು.

ಸಾಮಾನ್ಯ ತಪ್ಪುಗಳು

ಹೊಸದಾಗಿ ಪತ್ತೆಯಾದದ್ದು ಬೇರೆ, ಹೊಸದಾಗಿ ಬಂದದ್ದು ಬೇರೆ. ಒಂದು ಊರಿನಲ್ಲಿ ಮೊದಲ ಬಾರಿ ರಕ್ತದ ಸಕ್ಕರೆ ತಪಾಸಣೆಯ ಶಿಬಿರ ನಡೆದು 60 ಮಂದಿಗೆ ಮಧುಮೇಹವಿದೆ ಎಂದು ತಿಳಿದರೆ, ಅವರಲ್ಲಿ ಬಹುಪಾಲು ಜನರಿಗೆ ಅದು ವರ್ಷಗಳಿಂದ ಇದ್ದದ್ದೇ. ಆ 60 ಪ್ರಚಲಿತ ಪ್ರಮಾಣಕ್ಕೆ ಸೇರಬೇಕಾದ ಅಂಕಿ. ಸಂಭವ ದರ ಬೇಕಾದರೆ ಸಕ್ಕರೆ ಸರಿಯಿದ್ದವರನ್ನೇ ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿ, ಅವರಲ್ಲಿ ಎಷ್ಟು ಮಂದಿಗೆ ರೋಗ ಬಂದಿದೆ ಎಂದು ನೋಡಬೇಕು. ವರದಿಯಲ್ಲಿ ಕಾಲಾವಧಿಯ ಉಲ್ಲೇಖವಿಲ್ಲದೆ ಬರೀ ಲಕ್ಷಕ್ಕೆ ಇಷ್ಟು ಎಂದಿದ್ದರೆ ಅದು ಸಾಮಾನ್ಯವಾಗಿ ಪ್ರಚಲಿತ ಪ್ರಮಾಣ. ವರ್ಷಕ್ಕೆ ಎಂಬ ಮಾತು ಜೊತೆಗಿದ್ದರೆ ಸಂಭವ ದರ.